ಆರ್ಡರ್ ಡೇಟಾಬೇಸ್ ಸಾಗಣೆ, ಗುರುವಾರದ ಅಪ್‌ಡೇಟ್: ಶನಿವಾರ ಅಲ್ಲ, ಮಂಗಳವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಹೊಸ ಸರ್ವರ್‌ಗೆ ಹೋಗುವುದು ಮೂರು ದಿನ ಮುಂದಕ್ಕೆ ಹೋಗಿದೆ. ಮಂಗಳವಾರ ರಾತ್ರಿ 11ರಿಂದ 1ರವರೆಗೆ ಹೊಸ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಕಾರಣ: ಟ್ರಯಲ್‌ನಲ್ಲಿ ಗ್ರಾಹಕರು ಬರೆದ 312 ಸೂಚನೆಗಳು ಅರ್ಧಕ್ಕೇ ಕತ್ತರಿಸಿಹೋಗಿದ್ದವು. ಯಾಕೆಂದು ಗೊತ್ತಾಗಿದೆ, ಸರಿ ಮಾಡುವ ಕೆಲಸ ನಡೀತಿದೆ. ಈಗ ಬಳಕೆಯಲ್ಲಿರುವ ಡೇಟಾಗೆ ಏನೂ ಆಗಿಲ್ಲ.

ಯಾರಿಂದ ಏನು ಬೇಕು:

ಮ್ಯಾನೇಜರ್: ಆ ಎರಡು ಗಂಟೆ ಆರ್ಡರ್ ನಿಲ್ಲಿಸಲು ನಿಮ್ಮ ಒಪ್ಪಿಗೆ, ನಾಳೆ ಮಧ್ಯಾಹ್ನ 1ರೊಳಗೆ. ಈ ಮೆಸೇಜ್‌ಗೆ 👍 ಹಾಕಿದರೆ ಸಾಕು. ಅದು ಸಿಕ್ಕ ಮೇಲೇ ಗ್ರಾಹಕರಿಗೆ ತಿಳಿಸಲು ಆಗುವುದು.
ಟೆಸ್ಟಿಂಗ್: ನಾಳೆ ಬೆಳಗ್ಗೆ 10ಕ್ಕೆ ಹೊಸ ಕಾಪಿ ಸಿದ್ಧ ಇರುತ್ತದೆ. ಸೋಮವಾರ ಸಂಜೆ 5ರೊಳಗೆ ಫಲಿತಾಂಶ ಬೇಕು.
ಸಪೋರ್ಟ್: ಗ್ರಾಹಕರಿಗೆ ಹೋಗುವ ನೋಟಿಸ್‌ನ ಡ್ರಾಫ್ಟ್, ನಾಳೆ ಸಂಜೆಯೊಳಗೆ.

ರಿಪೋರ್ಟ್ ನೋಡುವವರು ಗಮನಿಸಿ, ಬುಧವಾರದ ಬೆಳಗಿನ ರಿಪೋರ್ಟ್ 8ಕ್ಕೆ ಬರುವುದಿಲ್ಲ, 10ಕ್ಕೆ ಬರುತ್ತದೆ. ಉಳಿದವರು ಏನೂ ಮಾಡಬೇಕಿಲ್ಲ, ಇಲ್ಲಿಗೇ ಓದು ನಿಲ್ಲಿಸಬಹುದು. ವಿವರ ಬೇಕಾದವರಿಗೆ ಕೆಳಗೆ ಥ್ರೆಡ್‌ನಲ್ಲಿ ಹಾಕಿದ್ದೇನೆ.

ಥ್ರೆಡ್ 1: ಏನಾಯಿತು

ಒಂದು ಸಾಲು ತೋರಿಸುತ್ತೇನೆ. ಹಳೇ ಸರ್ವರ್‌ನಲ್ಲಿ ಒಬ್ಬ ಗ್ರಾಹಕರ ಸೂಚನೆ ಹೀಗಿದೆ: "ಗೇಟ್ ಹತ್ತಿರ ನಾಯಿ ಇದೆ 🙏 ಬರುವ ಮುಂಚೆ ಫೋನ್ ಮಾಡಿ". ಹೊಸದರಲ್ಲಿ ಉಳಿದದ್ದು "ಗೇಟ್ ಹತ್ತಿರ ನಾಯಿ ಇದೆ" ಅಷ್ಟೇ. ಫೋನ್ ಮಾಡಿ ಅನ್ನುವ ಮುಖ್ಯ ಮಾತೇ ಇಲ್ಲ. ಡೆಲಿವರಿಗೆ ಹೋದವರಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಹೊಸ ಟೇಬಲ್ ಅನ್ನು ನಾವು `utf8` ಎಂದು ಮಾಡಿದ್ದೆವು. ನಮ್ಮ MySQL ಆವೃತ್ತಿಯಲ್ಲಿ ಅದು ಒಂದು ಅಕ್ಷರಕ್ಕೆ 3 ಬೈಟ್‌ವರೆಗೆ ಮಾತ್ರ ಜಾಗ ಕೊಡುತ್ತದೆ. ಕನ್ನಡದ ಅಕ್ಷರಗಳಿಗೆ 3 ಬೈಟ್ ಸಾಕು, ಹಾಗಾಗಿ ಕನ್ನಡವೆಲ್ಲ ಸರಿಯಾಗೇ ಬಂದಿತ್ತು. ಆ 🙏ಗೆ 4 ಬೈಟ್ ಬೇಕು. ಅದು ಬಂದ ಜಾಗದಿಂದ ಮುಂದಿನದ್ದೆಲ್ಲ ಹೋಯಿತು. ಡೇಟಾ ತುಂಬುವ ಸ್ಕ್ರಿಪ್ಟ್‌ನಲ್ಲಿ ಸ್ಟ್ರಿಕ್ಟ್ ಮೋಡ್ ಆಫ್ ಇತ್ತು, ಅದಕ್ಕೇ ಎರರ್ ಬರಲಿಲ್ಲ, ಬರೀ ವಾರ್ನಿಂಗ್ ಬಂತು. ಆಫ್ ಮಾಡಿದ್ದು ನಾನೇ, ವೇಗ ಹೆಚ್ಚಲಿ ಎಂದು. ಅದು ತಪ್ಪು ನಿರ್ಧಾರ. ಈಗ ಆನ್ ಮಾಡಿದ್ದೇನೆ.

ನಮ್ಮ ಚೆಕ್ ಇದನ್ನು ಹಿಡಿಯಲಿಲ್ಲ. ನಾವು ಸಾಲುಗಳ ಸಂಖ್ಯೆ ಮಾತ್ರ ಹೋಲಿಸುತ್ತಿದ್ದೆವು, ಅದು ಎರಡೂ ಕಡೆ ಒಂದೇ ಇತ್ತು. ಸಪೋರ್ಟ್ ತಂಡದವರು 50 ಸೂಚನೆಗಳನ್ನು ಕೂತು ಕಣ್ಣಾರೆ ಓದಿದ್ದರಿಂದ ಸಿಕ್ಕಿತು. ಅವರಿಗೆ ನಿಜವಾಗಿಯೂ ಥ್ಯಾಂಕ್ಸ್.

ಥ್ರೆಡ್ 2: ಸರಿ ಮಾಡುತ್ತಿರುವುದು ಹೇಗೆ

```
ALTER TABLE order_notes CONVERT TO CHARACTER SET utf8mb4;
```

ಇದಷ್ಟೇ ಮಾಡಿದರೆ ಕತ್ತರಿಸಿಹೋದದ್ದು ವಾಪಸ್ ಬರುವುದಿಲ್ಲ. ಆದ್ದರಿಂದ ಟೇಬಲ್ ಖಾಲಿ ಮಾಡಿ ಇವತ್ತು ರಾತ್ರಿ ಮೊದಲಿನಿಂದ ತುಂಬುತ್ತೇವೆ, ಸುಮಾರು 9 ಗಂಟೆಯ ಕೆಲಸ. ಕನೆಕ್ಷನ್ ಕೂಡ `utf8mb4` ಇರುವ ಹಾಗೆ ಬದಲಿಸಿದ್ದೇವೆ. ತುಂಬಿದ ಮೇಲೆ ಈ ಕ್ವೆರಿಯನ್ನು ಎರಡೂ ಕಡೆ ಓಡಿಸುತ್ತೇವೆ. ಸಾಲುಗಳ ಜೊತೆ ಅಕ್ಷರಗಳ ಒಟ್ಟು ಲೆಕ್ಕವೂ ತಾಳೆಯಾಗಬೇಕು:

```
SELECT COUNT(*), SUM(CHAR_LENGTH(note)) FROM order_notes;
```

ಥ್ರೆಡ್ 3: ಶನಿವಾರಕ್ಕೇ ಯಾಕೆ ಆಗುವುದಿಲ್ಲ

ಈ ಪ್ರಶ್ನೆ ಇಬ್ಬರು ಕೇಳಿದರು. ಹಾಗೆ ಮಾಡಿದರೆ ಪರೀಕ್ಷೆಗೆ ಸಿಗುವುದು ಶುಕ್ರವಾರ ಒಂದೇ ದಿನ. ಇಂಥ ತಪ್ಪು ಒಂದು ಸಿಕ್ಕ ಮೇಲೆ ಇನ್ನೊಂದು ಇಲ್ಲ ಎಂದು ಒಂದು ದಿನದಲ್ಲಿ ಹೇಳುವ ಧೈರ್ಯ ನನಗಿಲ್ಲ. ಭಾನುವಾರ ಸಪೋರ್ಟ್‌ನಲ್ಲಿ ಜನವೂ ಕಡಿಮೆ.

ಮಂಗಳವಾರ ರಾತ್ರಿ ಸಾಗಬೇಕಾದ್ದು ಕೊನೆಯ ಕೆಲವು ದಿನಗಳ ಆರ್ಡರ್‌ಗಳು ಮಾತ್ರ. ಟ್ರಯಲ್‌ನಲ್ಲಿ ಅದಕ್ಕೆ 40 ನಿಮಿಷ ಹಿಡಿದಿತ್ತು. 12:30ಕ್ಕೆ ಮೇಲಿನ ಲೆಕ್ಕ ತಾಳೆಯಾಗದಿದ್ದರೆ ಹಳೇ ಸರ್ವರ್‌ನಲ್ಲೇ ಆರ್ಡರ್ ಮತ್ತೆ ಶುರು ಮಾಡುತ್ತೇವೆ. ಆ ಹೊತ್ತಿನಲ್ಲಿ ಹೊಸ ಆರ್ಡರ್ ಬಂದಿರುವುದಿಲ್ಲ, ಹಾಗಾಗಿ ಏನೂ ಕಳೆದುಹೋಗುವುದಿಲ್ಲ. ಎಲ್ಲ ಸರಿಹೋದರೂ ಹಳೇ ಸರ್ವರ್ ಇನ್ನೂ 7 ದಿನ ಇರುತ್ತದೆ, ಓದಲು ಮಾತ್ರ.

ಮುಂದಿನ ಅಪ್‌ಡೇಟ್ ನಾಳೆ ಸಂಜೆ 6ಕ್ಕೆ, ಇದೇ ಚಾನೆಲ್‌ನಲ್ಲಿ. ರಾತ್ರಿ ಡೇಟಾ ತುಂಬುವಾಗ ಎರರ್ ಬಂದು ನಿಂತರೆ ಬೆಳಗ್ಗೆ 8ಕ್ಕೇ ತಿಳಿಸುತ್ತೇನೆ.