ಹೊಸ ಬ್ಯಾಚಿನ ವೇಳಾಪಟ್ಟಿ ಮತ್ತು ಫೀ ಕಂತುಗಳ ಬಗ್ಗೆ ಪಾಲಕರಲ್ಲಿ ವಿನಂತಿ

ಮಾನ್ಯ ಪಾಲಕರಿಗೆ ನಮಸ್ಕಾರಗಳು.

2026-27ನೇ ಸಾಲಿನ ಗಣಿತ ಮತ್ತು ವಿಜ್ಞಾನ ಟ್ಯೂಷನ್ ತರಗತಿಗಳು ಜೂನ್ 1, ಸೋಮವಾರದಿಂದ ಮಾಳಮಡ್ಡಿಯ ನಮ್ಮ ಮನೆಯ ಮೊದಲ ಮಹಡಿಯಲ್ಲಿ ಎಂದಿನಂತೆ ಆರಂಭವಾಗುತ್ತವೆ. ಈ ವರ್ಷ ಸಮಯವನ್ನೂ ಫೀ ಕಟ್ಟುವ ದಿನಾಂಕಗಳನ್ನೂ ಬದಲಿಸಿರುವುದರಿಂದ, ಈ ಸಂದೇಶವನ್ನು ದಯವಿಟ್ಟು ಕೊನೆಯವರೆಗೆ ಓದಬೇಕು.

ಹೆಚ್ಚಿನ ಬದಲಾವಣೆ ಆಗಿರುವುದು ಹತ್ತನೇ ತರಗತಿಗೆ. ಕಳೆದ ವರ್ಷ 34 ಮಕ್ಕಳು ಒಂದೇ ಬ್ಯಾಚಿನಲ್ಲಿ ಸಂಜೆ ಆರೂವರೆಯಿಂದ ಎಂಟೂವರೆಯವರೆಗೆ ಕೂರುತ್ತಿದ್ದರು. ನರೇಂದ್ರ ಮತ್ತು ಅಮ್ಮಿನಬಾವಿಯಿಂದ ಬರುವ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಬಸ್ಸಿಗೆ ಕಾದು ಮನೆ ಮುಟ್ಟುವಷ್ಟರಲ್ಲಿ ರಾತ್ರಿ ಬಹಳ ಹೊತ್ತಾಗುತ್ತಿತ್ತು. ಅವರು ಮುಟ್ಟಿದ ಸುದ್ದಿ ಬರುವವರೆಗೆ ನನಗೂ ಸಮಾಧಾನವಿರುತ್ತಿರಲಿಲ್ಲ. ಆದ್ದರಿಂದ ಈ ಸಲ ಹತ್ತನೇ ತರಗತಿಯನ್ನು ಎರಡು ಬ್ಯಾಚ್ ಮಾಡಿದ್ದು, ಒಂದೊಂದರಲ್ಲಿ 20 ಮಕ್ಕಳಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಊರೊಳಗಿನ ಮಕ್ಕಳಿಗೆ ಮುಂಜಾನೆ 6.15ರಿಂದ 7.45ರವರೆಗೆ ಪಾಠ ನಡೆಯುತ್ತದೆ. ಹಳ್ಳಿಯಿಂದ ಬರುವ ಮಕ್ಕಳು ಶಾಲೆ ಬಿಟ್ಟ ಕೂಡಲೇ ನೇರವಾಗಿ ಬಂದು ಸಂಜೆ 4.50ರಿಂದ 6.20ರವರೆಗಿನ ಬ್ಯಾಚಿನಲ್ಲಿ ಕೂರಬಹುದು. ಎರಡೂ ಬ್ಯಾಚುಗಳು ಸೋಮವಾರದಿಂದ ಶುಕ್ರವಾರದವರೆಗೆ ನಡೆಯುತ್ತವೆ, ಪಾಠವೂ ಒಂದೇ. ಸಂಜೆಯ ಮಕ್ಕಳು ಮಧ್ಯಾಹ್ನದ ಊಟದ ನಂತರ ಏನನ್ನೂ ತಿಂದಿರುವುದಿಲ್ಲವಾದ್ದರಿಂದ, ಡಬ್ಬಿಯಲ್ಲಿ ಒಂದಿಷ್ಟು ಚುರುಮುರಿಯನ್ನೋ ರೊಟ್ಟಿ-ಚಟ್ನಿಯನ್ನೋ ಕಟ್ಟಿ ಕಳಿಸಿದರೆ ಅವರು ಪಾಠದ ಮೇಲೆ ಗಮನವಿಡುತ್ತಾರೆ. ತಿನ್ನಲು ಹತ್ತು ನಿಮಿಷ ನಾನೇ ಬಿಡುತ್ತೇನೆ.

ಹತ್ತನೇ ತರಗತಿಯ ಮಕ್ಕಳಿಗೆ ಎರಡು ವಾರಕ್ಕೊಮ್ಮೆ ರವಿವಾರ ಮುಂಜಾನೆ 9ರಿಂದ 10.30ರವರೆಗೆ 40 ಅಂಕಗಳ ಕಿರುಪರೀಕ್ಷೆ ಇರುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಮತ್ತು ವಿಜ್ಞಾನಕ್ಕೆ ತಲಾ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ ಇರುವುದರಿಂದ, ಶಾಲೆಯಲ್ಲಿ ಕೊಟ್ಟ ಚಟುವಟಿಕೆಗಳನ್ನು ಟ್ಯೂಷನ್ ನೆಪದಲ್ಲಿ ಮಕ್ಕಳು ಬಿಡದಂತೆ ನೋಡಿಕೊಳ್ಳಿ. ಡಿಸೆಂಬರ್ ಕೊನೆಗೆ ಪಾಠಗಳನ್ನು ಮುಗಿಸಿ, ಜನವರಿಯಿಂದ ಪುನರಾವರ್ತನೆ ಮಾಡಿಸುತ್ತೇನೆ.

ಒಂಬತ್ತನೇ ತರಗತಿಗೆ ಸೋಮವಾರ, ಬುಧವಾರ ಮತ್ತು ಶುಕ್ರವಾರ ಸಂಜೆ 6.30ರಿಂದ 7.45ರವರೆಗೆ ಪಾಠವಿರುತ್ತದೆ. ಎಂಟನೇ ತರಗತಿಗೆ ಮಂಗಳವಾರ ಮತ್ತು ಗುರುವಾರ ಅದೇ ಸಮಯ, ಶನಿವಾರ ಮಾತ್ರ ಮಧ್ಯಾಹ್ನ 2ರಿಂದ 3.15.

ಫೀ ವಿಷಯ. ಇಡೀ ವರ್ಷಕ್ಕೆ ಎಂಟನೇ ತರಗತಿಗೆ 9,000 ರೂಪಾಯಿ, ಒಂಬತ್ತನೆಯದಕ್ಕೆ 12,000, ಹತ್ತನೆಯದಕ್ಕೆ 15,000 ಇರುತ್ತದೆ. ಇದನ್ನು ಮೂರು ಸಮ ಕಂತುಗಳಲ್ಲಿ, ಅಂದರೆ ಕ್ರಮವಾಗಿ 3,000, 4,000 ಮತ್ತು 5,000 ರೂಪಾಯಿಯಂತೆ ಕಟ್ಟಬೇಕು. ಮೊದಲ ಕಂತಿಗೆ ಜೂನ್ 10 ಕೊನೆಯ ದಿನ. ಎರಡನೆಯದನ್ನು ಗಣಪತಿ ಹಬ್ಬದ ಖರ್ಚಿನ ಜೊತೆಗೆ ಹೊರೆಯಾಗಬಾರದೆಂದು ಸೆಪ್ಟೆಂಬರ್ 25ಕ್ಕೆ ಇಟ್ಟಿದ್ದೇನೆ. ಮೂರನೆಯದು ಡಿಸೆಂಬರ್ 10ಕ್ಕೆ. ಒಂದೇ ಮನೆಯಿಂದ ಇಬ್ಬರು ಬರುತ್ತಿದ್ದರೆ ಚಿಕ್ಕವರ ಪ್ರತಿ ಕಂತಿನಲ್ಲಿ 500 ರೂಪಾಯಿ ಕಡಿಮೆ ಕೊಡಿ. ಒಕ್ಕಲುತನದ ಮನೆಯವರು ಹೆಸರಿನ ರಾಶಿ ಆಗಿ ಮಾಲು ಮಾರಿದ ಮೇಲೆ ಮೊದಲೆರಡು ಕಂತುಗಳನ್ನು ಒಟ್ಟಿಗೆ ಕೊಡುತ್ತೇವೆಂದರೂ ನನ್ನ ಒಪ್ಪಿಗೆ ಇದೆ. ಆದರೆ ಹಾಗೆಂದು ಜೂನ್ 10ರೊಳಗೆ ನನಗೆ ತಿಳಿಸಬೇಕು.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿ ನಾಲ್ಕು ದಿನ ಬರಲಿಲ್ಲ. ಆರಾಮವಿಲ್ಲವೆಂದು ತಿಳಿದಿದ್ದೆ. ಫೀ ಬಾಕಿ ಇದೆಯೆಂದು ಸಂಕೋಚಪಟ್ಟು ಮನೆಯಲ್ಲೇ ಕೂತಿದ್ದಳೆಂದು ಆಮೇಲೆ ಗೊತ್ತಾಗಿ ಬಹಳ ನೊಂದುಕೊಂಡೆ. ಆ ನಾಲ್ಕು ದಿನಗಳಲ್ಲಿ ವರ್ಗಸಮೀಕರಣದ ಸೂತ್ರದ ಪಾಠವೇ ಮುಗಿದುಹೋಗಿತ್ತು. ಫೀ ಬಗ್ಗೆ ನಾನು ಯಾವ ಮಗುವನ್ನೂ ಕೇಳುವುದಿಲ್ಲ, ಬಾಕಿ ಇದ್ದವರ ಹೆಸರನ್ನು ಈ ಗ್ರೂಪಿನಲ್ಲಿ ಹಾಕುವುದೂ ಇಲ್ಲ. ತಡವಾಗುವಂತಿದ್ದರೆ ನೀವೇ ನನಗೊಂದು ಫೋನ್ ಮಾಡಿ, ಮಗುವನ್ನು ಮಾತ್ರ ತಪ್ಪದೆ ಕಳಿಸಿ.

ಹಣವನ್ನು ಇದೇ ನಂಬರಿಗೆ ಯುಪಿಐ ಮೂಲಕ ಕಳಿಸುವವರು ಮಗುವಿನ ಹೆಸರು ಮತ್ತು ತರಗತಿಯನ್ನು ಬರೆದು, ಸ್ಕ್ರೀನ್‌ಶಾಟನ್ನು ಗ್ರೂಪಿಗಲ್ಲದೆ ನನಗೆ ಪ್ರತ್ಯೇಕವಾಗಿ ಹಾಕಬೇಕು. ಕಾಕಾ ಅಥವಾ ಮಾವನವರ ಫೋನಿನಿಂದ ಬಂದ ಹಣ ಯಾರದೆಂದು ಪತ್ತೆ ಹಚ್ಚುವುದು ಕಷ್ಟವಾಗುತ್ತದೆ. ನಗದು ಕೊಡುವವರು ದಯಮಾಡಿ ತಾವೇ ಬಂದು ಕೊಟ್ಟು, ರಸೀದಿ ಪಡೆದುಕೊಂಡು ಹೋಗಬೇಕು.

ಹತ್ತನೇ ತರಗತಿಯ ಪಾಲಕರು ತಮ್ಮ ಮಗುವಿಗೆ ಮುಂಜಾನೆಯ ಬ್ಯಾಚ್ ಬೇಕೋ ಸಂಜೆಯದು ಬೇಕೋ ಎಂಬುದನ್ನು ಮೇ 28, ಗುರುವಾರದೊಳಗೆ ತಿಳಿಸಿ. ಸಂಜೆಯ ಬ್ಯಾಚಿನಲ್ಲಿ ಮೊದಲ ಆದ್ಯತೆ ಬಸ್ಸಿಗೆ ಹೋಗುವ ಮಕ್ಕಳಿಗೆ.

ತಮ್ಮ ವಿಶ್ವಾಸಿ,
ಗಣಿತ-ವಿಜ್ಞಾನ ಟ್ಯೂಷನ್ ಶಿಕ್ಷಕಿ
ಮಾಳಮಡ್ಡಿ, ಧಾರವಾಡ
ಮೇ 20, 2026