ಕೈಯಲ್ಲಿ ಫೋನ್, ಪರದೆಯಲ್ಲಿ ಮಳೆ ಲೆಕ್ಕ: ಪ್ರೋಮೊ ವಿಡಿಯೊಗೆ ಪ್ರಾಂಪ್ಟ್

ಎಂಟು ಸೆಕೆಂಡಿನ ಒಂದೇ ಶಾಟ್ ಬೇಕು. ನಿಂತ ಚೌಕಟ್ಟು, 9:16. ನಡುವೆ ಕಟ್ ಬೇಡ. ನಿಜವಾದ ಕ್ಯಾಮೆರಾದಲ್ಲಿ, ನಿಜವಾದ ಜಾಗದಲ್ಲಿ ತೆಗೆದ ಹಾಗೆ ಇರಲಿ. ಕಾರ್ಟೂನ್ ಬೇಡ, ಬಣ್ಣ ಜಾಸ್ತಿ ಮಾಡಿದ ಜಾಹೀರಾತಿನ ಹೊಳಪೂ ಬೇಡ.

ದೃಶ್ಯ ಇಷ್ಟು. ಕೊಡಗಿನ ಗೋಣಿಕೊಪ್ಪ ಕಡೆಯ ಒಂದು ಕಾಫಿ ತೋಟದ ಮನೆ. ಮಾರ್ಚ್ ತಿಂಗಳು. ಹಿಂದಿನ ರಾತ್ರಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದಿದೆ. ಬೆಳಗ್ಗೆ ಏಳು ಗಂಟೆಯ ಹೊತ್ತಿಗೆ ಮನೆಯ ಬೆಳೆಗಾರ್ತಿ ಜಗಲಿಯಲ್ಲಿ ನಿಂತು, ಮಳೆ ಲೆಕ್ಕ ಇಡುವ ಆ್ಯಪ್ ತೆರೆದು ನೋಡುತ್ತಿದ್ದಾರೆ. ಅವರ ಮುಖ ಕಾಣುವುದಿಲ್ಲ. ಅವರ ಕಣ್ಣು ಇರುವ ಕಡೆಯಿಂದಲೇ ನಾವೂ ನೋಡುತ್ತಿದ್ದೇವೆ. ಕಾಣುವುದು ಎಡಗೈ, ಫೋನ್, ಅದರ ಪರದೆ, ಹಿಂದೆ ತೋಟ.

ಪರದೆಯ ವಿಚಾರ ಎಲ್ಲಕ್ಕಿಂತ ಮುಖ್ಯ. ಅದರ ಮೇಲೆ ಒಂದೇ ಒಂದು ಅಕ್ಷರ ಇರಬಾರದು. ಅಂಕಿಯೂ ಇರಬಾರದು. ಕನ್ನಡ ಬೇಡ, ಇಂಗ್ಲಿಷ್ ಬೇಡ, ಅಕ್ಷರದ ಹಾಗೆ ಕಾಣುವ ಗೀರು, ಚುಕ್ಕೆ, ಸಣ್ಣ ಸಾಲುಗಳೂ ಬೇಡ. ಇಲ್ಲಿ ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಹೇಳುತ್ತಾರೆ. ನೂರು ಸೆಂಟ್ ಸೇರಿದರೆ ಒಂದು ಇಂಚು. ಎಷ್ಟೋ ತೋಟದ ಮನೆಗಳಲ್ಲಿ ಅಜ್ಜನ ಕಾಲದಿಂದಲೂ ಇದನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಈ ವಿಡಿಯೊ ನೋಡುವವರು ಅವರೇ. ಮಳೆ ಲೆಕ್ಕದ ಪರದೆ ಕಂಡ ಕೂಡಲೇ ಅವರ ಕಣ್ಣು ಅಂಕಿ ಹುಡುಕುತ್ತದೆ. ಅಲ್ಲಿ ಒತ್ತಕ್ಷರ ಜಾಗ ತಪ್ಪಿದ ಕನ್ನಡವೋ, ಎಂಟೂ ಅಲ್ಲದ ಮೂರೂ ಅಲ್ಲದ ಅಂಕಿಯೋ ಕಂಡರೆ ಆ್ಯಪ್ ಮೇಲಿನ ನಂಬಿಕೆ ಅಲ್ಲೇ ಹೋಗುತ್ತದೆ. ಲೆಕ್ಕ ಇಡುವ ಆ್ಯಪ್‌ಗೆ ಅದಕ್ಕಿಂತ ದೊಡ್ಡ ನಷ್ಟ ಇಲ್ಲ. ಊರಿನ ಹೆಸರು, ತಾರೀಖು, ಮಳೆಯ ಅಳತೆ ಎಲ್ಲವನ್ನೂ ನಾವೇ ಆಮೇಲೆ ಎಡಿಟಿಂಗ್‌ನಲ್ಲಿ ಸರಿಯಾದ ಅಕ್ಷರದಲ್ಲಿ ಕೂರಿಸುತ್ತೇವೆ.

ಬೇಡ ಅಂದದ್ದರ ಜಾಗದಲ್ಲಿ ಏನಿರಬೇಕು ಅಂತಲೂ ಹೇಳುತ್ತೇನೆ. ಪರದೆಯ ಹಿನ್ನೆಲೆ ಕೆನೆ ಬಣ್ಣ, ಪೂರ್ತಿ ಒಂದೇ ಸಮ. ಮೇಲ್ಗಡೆ ಅಂಚಿನಿಂದ ಅಂಚಿಗೆ ಕಡು ಕಾಫಿ ಬಣ್ಣದ ಒಂದು ಅಗಲ ಪಟ್ಟಿ, ಪರದೆಯ ಎತ್ತರದ ಎಂಟನೇ ಒಂದು ಪಾಲಿನಷ್ಟು. ಪಟ್ಟಿಯೊಳಗೆ ಏನೂ ಇಲ್ಲ. ಅದರ ಕೆಳಗೆ, ಪರದೆಯ ನಡು ಗೆರೆಗೆ ಸ್ವಲ್ಪ ಮೇಲೆ, ಒಂದು ದೊಡ್ಡ ಮಳೆಹನಿಯ ಗುರುತು. ಗಾಢ ನೀಲಿ, ಒಂದೇ ಬಣ್ಣ, ಅಂಚು ಸ್ಪಷ್ಟ, ನೆರಳು ಇಲ್ಲ, ಹೊಳಪು ಇಲ್ಲ. ಹನಿಯ ಅಗಲ ಪರದೆಯ ಅಗಲದ ಮೂರನೇ ಒಂದು ಪಾಲು. ಹನಿಯ ಕೆಳಗೆ ಖಾಲಿ ಜಾಗ ಬಿಡಬೇಕು. ಅಳತೆ ಬರುವುದು ಅಲ್ಲೇ. ಆ ಖಾಲಿ ಜಾಗ ತುಂಬಿಸಲು ಹೋಗಬಾರದು, ಅದು ಬೇಕೆಂದೇ ಬಿಟ್ಟದ್ದು. ತೀರಾ ಕೆಳಗೆ ಮೂಲೆ ದುಂಡಾದ ಒಂದು ಹಸಿರು ಗುಂಡಿ, ಅದರ ಮೇಲೂ ಏನೂ ಬರೆದಿಲ್ಲ. ಪಟ್ಟಿ, ಹನಿ, ಗುಂಡಿ, ಈ ಮೂರೇ. ನಾಲ್ಕನೆಯ ವಸ್ತು ಬೇಡ. ಇನ್ನೊಂದು ಪಟ್ಟಿ, ಗ್ರಾಫ್, ಮ್ಯಾಪ್, ಮೆನುವಿನ ಗೆರೆಗಳು ಯಾವುದೂ ಬೇಡ. ಮೇಲಿನ ತುದಿಯಲ್ಲಿ ಸಮಯ, ಬ್ಯಾಟರಿ, ಟವರ್ ಗುರುತುಗಳೂ ಬೇಡ. ತಪ್ಪು ಅಂಕಿ ನುಸುಳುವುದು ಹೆಚ್ಚಾಗಿ ಆ ತುದಿಯಲ್ಲೇ.

ಅಕ್ಷರ ಇಲ್ಲ ಎಂದು ಪರದೆಯನ್ನು ಮಸುಕು ಮಾಡಬಾರದು. ಇಡೀ ಶಾಟ್‌ನಲ್ಲಿ ಫೋಕಸ್ ಪರದೆಯ ಮೇಲೇ ಇರಲಿ. ಮೂರು ಆಕಾರಗಳ ಅಂಚೂ ಚೂಪಾಗಿ ಕಾಣಲಿ. ಮೊದಲ ಫ್ರೇಮಿನಿಂದ ಕೊನೆಯ ಫ್ರೇಮಿನವರೆಗೆ ಪರದೆಯೊಳಗೆ ಏನೂ ಅಲುಗಬಾರದು. ಹನಿ ಹಿಗ್ಗಬಾರದು, ಬಣ್ಣ ಮಿನುಗಬಾರದು, ಹೊಸ ಗುರುತು ಹುಟ್ಟಬಾರದು, ಪುಟ ತಿರುಗಬಾರದು. ಆ್ಯಪ್‌ನ ಚಲನೆಯನ್ನೂ ನಾವೇ ಸೇರಿಸುತ್ತೇವೆ.

ಫೋನ್ ನೆಟ್ಟಗೆ ಹಿಡಿದಿರಲಿ. ಪರದೆ ಕ್ಯಾಮೆರಾ ಕಡೆಗೆ ಹೆಚ್ಚುಕಡಿಮೆ ನೇರ. ವಾಲಿದರೆ ಹತ್ತು ಡಿಗ್ರಿಗಿಂತ ಹೆಚ್ಚು ಬೇಡ. ಪರದೆಯ ನಾಲ್ಕೂ ಮೂಲೆ ಎಂಟು ಸೆಕೆಂಡೂ ಚೌಕಟ್ಟಿನೊಳಗೇ ಇರಬೇಕು, ಯಾವ ಬೆರಳೂ ಅವನ್ನು ಮುಚ್ಚಬಾರದು. ಒಂದು ಮೂಲೆ ಮರೆಯಾದರೂ ಆಮೇಲೆ ಅಕ್ಷರ ಕೂರಿಸುವುದು ಕಷ್ಟ. ಫೋನಿನ ಅಗಲ ಚೌಕಟ್ಟಿನ ಅಗಲದ ಅರ್ಧದಷ್ಟು, ಎತ್ತರ ಐದರಲ್ಲಿ ಮೂರು ಪಾಲು. ಸಾಧಾರಣ ಕಪ್ಪು ಫೋನ್, ತೆಳು ಅಂಚು, ಕಂಪನಿಯ ಗುರುತು ಎಲ್ಲೂ ಇಲ್ಲ. ಬದಿಯಲ್ಲಿ ಸ್ವಲ್ಪ ತಿಕ್ಕಿದ ಗುರುತು ಇದ್ದರೆ ಒಳ್ಳೆಯದು. ತೋಟಕ್ಕೆ ದಿನಾ ಹೋಗಿ ಬರುವ ಫೋನ್ ಅಲ್ವಾ. ಗಾಜು ಮಾತ್ರ ಒಡೆದಿರಬಾರದು.

ಕೈ ಸುಮಾರು ಐವತ್ತು ವರ್ಷದ ಹೆಂಗಸಿನದು. ಎಡಗೈ. ಅಂಗೈ ಫೋನಿನ ಹಿಂದೆ, ಹೆಬ್ಬೆರಳು ಫೋನಿನ ಎಡ ಅಂಚಿನ ಮೇಲೆ, ಉಳಿದ ನಾಲ್ಕು ಬೆರಳಿನ ತುದಿ ಬಲ ಅಂಚಿನಲ್ಲಿ ಕಾಣಬೇಕು. ಒಟ್ಟು ಐದೇ ಬೆರಳು. ಹೆಬ್ಬೆರಳು ಪರದೆಯನ್ನು ಮುಟ್ಟುವುದಿಲ್ಲ, ಅಂಚಿನಲ್ಲೇ ನಿಂತಿರುತ್ತದೆ. ಬಲಗೈ ಚೌಕಟ್ಟಿಗೆ ಬರುವುದೇ ಇಲ್ಲ. ಚರ್ಮ ಬಿಸಿಲು ಕಂಡ ಕಂದು ಬಣ್ಣ. ಗೆಣ್ಣಿನ ಗೆರೆಗಳು, ಉಗುರಿನ ಅಂಚಿನ ಸ್ವಲ್ಪ ಮಣ್ಣು ಹಾಗೇ ಇರಲಿ. ಅದನ್ನು ನುಣುಪು ಮಾಡಬೇಡ. ದುಡಿಯುವ ಕೈ ಇದು, ನೋಡಲು ಚೆಂದವೇ. ಮಣಿಕಟ್ಟಿನಲ್ಲಿ ತೆಳುವಾದ ಒಂದು ಚಿನ್ನದ ಬಳೆ, ಬೂದು ಬಣ್ಣದ ಸ್ವೆಟರಿನ ತೋಳಿನ ಅಂಚು. ವಾಚ್ ಬೇಡ, ಅದರಲ್ಲಿ ಅಂಕಿ ಇರುತ್ತದೆ. ಹಬ್ಬದ ಉಡುಗೆ, ಮದುವೆಯ ಆಭರಣ ಬೇಡ. ಕೊಡಗು ಅಂದ ಮಾತ್ರಕ್ಕೆ ಕುಪ್ಯ, ಪೀಚೆಕತ್ತಿ ತಂದು ಇಡುವುದೂ ಬೇಡ. ಇದು ಕೆಲಸದ ಬೆಳಗು.

ಬೆಳಕು ಎಡಗಡೆಯಿಂದ, ತೆಳು ಮೋಡದ ಹಿಂದಿನಿಂದ ಬರುವ ಮೆದು ಬೆಳಕು. ಪರದೆಯ ಬೆಳಕೂ ಸುತ್ತಲಿನ ಬೆಳಕೂ ಹತ್ತಿರ ಹತ್ತಿರ ಇರಲಿ. ಪರದೆ ಬೆಳ್ಳಗೆ ಸಿಡಿಯಬಾರದು, ಕೈ ಕಪ್ಪಾಗಬಾರದು. ಗಾಜಿನಲ್ಲಿ ಆಕಾಶ, ಕಿಟಕಿ, ಮುಖ ಯಾವುದರ ಪ್ರತಿಬಿಂಬವೂ ಬೇಡ. ಗಾಜಿನ ಮೇಲೆ ನೀರಿನ ಹನಿಯೂ ಬೇಡ, ಪರದೆಯೊಳಗಿನ ಹನಿ ಯಾವುದು, ಹೊರಗಿನದು ಯಾವುದು ಎಂದು ಗೊಂದಲ ಆಗುತ್ತದೆ.

ಹಿನ್ನೆಲೆ ಹಗುರವಾಗಿ ಮಸುಕಾಗಿದ್ದರೂ ಅದು ಕಾಫಿ ತೋಟ ಎಂದು ಗೊತ್ತಾಗಬೇಕು. ಹತ್ತಿರದಲ್ಲಿ ರೊಬಸ್ಟಾ ಗಿಡಗಳು. ಎಲೆ ಅಗಲ, ಅಂಚು ಅಲೆಅಲೆ, ಎರಡೆರಡಾಗಿ ಎದುರುಬದುರು. ಮಳೆಗೆ ತೊಳೆದು ಹೊಳೆಯುತ್ತಿವೆ. ನಡುವೆ ಸಿಲ್ವರ್ ಓಕ್ ಮರಗಳು, ಅವುಗಳ ಕಾಂಡಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ. ದೂರದಲ್ಲಿ ಬೆಟ್ಟ, ಅದರ ಮೇಲೆ ತೆಳು ಮಂಜು. ಟೀ ತೋಟದ ಹಾಗೆ ಸಮನಾಗಿ ಕತ್ತರಿಸಿದ ಗುಡ್ಡ ಬಂದರೆ ಶಾಟ್ ಕೆಟ್ಟ ಹಾಗೆ. ಕಾಫಿ ತೋಟ ಮರದ ನೆರಳಿನಲ್ಲಿ ಇರುತ್ತದೆ.

ಗಿಡದಲ್ಲಿ ಬಿಳಿ ಹೂ ಬೇಡ. ಹೂಮಳೆ ಬಿದ್ದು ಒಂದು ವಾರ, ಹತ್ತು ದಿನ ಕಳೆದ ಮೇಲೆ ಹೂ ಅರಳುವುದು. ಇದು ಮಳೆಯ ಮಾರನೆಯ ಬೆಳಗು. ಹಾಗಾಗಿ ಟೊಂಗೆಯ ಗೆಣ್ಣುಗಳಲ್ಲಿ ಮುಚ್ಚಿದ ಮೊಗ್ಗು ಮಾತ್ರ. ಕೆಂಪು ಹಣ್ಣೂ ಬೇಡ, ಈ ತೋಟದ ಕೊಯ್ಲು ಮುಗಿದಿದೆ. ಹೂ ತುಂಬಿದ ತೋಟ ಎಷ್ಟು ಚೆಂದ ಎಂದು ನಮಗೂ ಗೊತ್ತು. ಆದರೆ ಮಳೆಯ ಮರುದಿನವೇ ಹೂ ತೋರಿಸಿದರೆ ಬೆಳೆಗಾರರು ಒಪ್ಪುವುದಿಲ್ಲ.

ಜಗಲಿಯ ಒಂದು ಕಂಬ ಬಲ ಅಂಚಿನಲ್ಲಿ ಸ್ವಲ್ಪ ಕಾಣಲಿ. ಮೇಲೆ ಹೆಂಚಿನ ಅಂಚು, ಅಲ್ಲಿಂದ ಆಗಾಗ ಒಂದೊಂದು ಹನಿ ಬೀಳಲಿ. ಅಂಗಳದ ಬಯಲಲ್ಲಿ ಗಿಡ್ಡ ಕಂಬದ ಮೇಲೆ ಮಳೆ ಅಳೆಯುವ ತಗಡಿನ ಡಬ್ಬ, ಪೂರ್ತಿ ಮಸುಕಾಗಿ. ಅಳತೆಯ ಗಾಜು ತೋರಿಸಬೇಡ, ಅದರ ಮೇಲೂ ಅಂಕಿ ಇರುತ್ತದೆ. ಪರದೆಗೆ ಹೇಳಿದ ಮಾತು ಇಡೀ ಚೌಕಟ್ಟಿಗೂ ಅನ್ವಯ: ಗೋಡೆಯ ಕ್ಯಾಲೆಂಡರ್, ಅಚ್ಚು ಹಾಕಿದ ಗೋಣಿಚೀಲ, ಬೋರ್ಡು, ಗೊಬ್ಬರದ ಚೀಲ, ಜೀಪಿನ ನಂಬರ್ ಪ್ಲೇಟ್ ಯಾವುದೂ ಬೇಡ.

ಕ್ಯಾಮೆರಾ ಸ್ಟ್ಯಾಂಡಿನ ಮೇಲಿಟ್ಟ ಹಾಗೆ ನಿಂತಿರಲಿ. ಜೂಮ್ ಬೇಡ, ಸುತ್ತುವುದು ಬೇಡ. ಕೈ ಮಾತ್ರ ಉಸಿರಾಟಕ್ಕೆ ತಕ್ಕಷ್ಟು ಅಲುಗಲಿ. ಎಲೆಗಳಲ್ಲಿ ಸಣ್ಣ ಗಾಳಿ. ಅಷ್ಟು ಚಲನೆ ಸಾಕು. ಧ್ವನಿ ಬರುವುದಾದರೆ ಹೆಂಚಿನಿಂದ ಹನಿ ಬೀಳುವ ಸದ್ದು, ದೂರದ ಹಕ್ಕಿ. ಮಾತು ಬೇಡ, ಸಂಗೀತ ಬೇಡ. ಅರ್ಥವಾಗದ ಮಾತು ಓದಲಾಗದ ಅಕ್ಷರದಷ್ಟೇ ಕೆಟ್ಟದು. ಕನ್ನಡದ ಧ್ವನಿಯನ್ನು ನಮ್ಮವರೇ ಕೊಡುತ್ತಾರೆ.

ಇದೇ ಶಾಟ್ ಇನ್ನೊಂದು ಬಗೆಯಲ್ಲೂ ಬೇಕು. ಜಾಗ, ಬೆಳಕು, ಕೈ, ಬಳೆ, ಫೋನ್ ಎಲ್ಲ ಹಾಗೇ ಇರಲಿ. ಕ್ಯಾಮೆರಾ ಸ್ವಲ್ಪ ಹತ್ತಿರ, ಫೋನಿನ ಅಗಲ ಚೌಕಟ್ಟಿನ ಅರವತ್ತೈದು ಶೇಕಡಾ. ಇದರಲ್ಲಿ ಪರದೆಯೊಳಗೆ ಪಟ್ಟಿ, ಹನಿ, ಗುಂಡಿ ಯಾವುದೂ ಇಲ್ಲ. ಅಂಚಿನಿಂದ ಅಂಚಿಗೆ ಒಂದೇ ನೀಲಿ, `#0047FF`. ಆ್ಯಪ್‌ನ ನಿಜವಾದ ಪರದೆಯನ್ನು ಪೂರ್ತಿಯಾಗಿ ಇಲ್ಲಿ ಕೂರಿಸುತ್ತೇವೆ. ಹಸಿರು ಬೇಡ, ಹಿಂದೆ ತೋಟವೆಲ್ಲ ಹಸಿರು, ಬೇರ್ಪಡಿಸಲು ಆಗುವುದಿಲ್ಲ. ನೀಲಿಯ ಬೆಳಕು ಬೆರಳಿಗೆ ತಾಗದಿರಲಿ. ಪರದೆ ಉರಿಯುವ ದೀಪದ ಹಾಗಲ್ಲ, ಬಣ್ಣದ ಕಾಗದ ಅಂಟಿಸಿದ ಹಾಗೆ ಕಾಣಲಿ. ಮೂಲೆಗಳಲ್ಲಿ ಗುರುತಿನ ಚುಕ್ಕೆ ಹಾಕಬೇಡ, ಫೋನಿನ ಅಂಚು ಸ್ಪಷ್ಟವಾಗಿದ್ದರೆ ನಮಗೆ ಸಾಕು.