ಪ್ರಶ್ನೆ 4: ಬೆಳಗಾವಿ ಕ್ಯಾಂಪಿನ ಒಂದು ಸಣ್ಣ ಘಟಕದಲ್ಲಿ 40 ಕಿಲೊ ಹಂದಿಮಾಂಸದ ಬೇಯಿಸಿದ ಸಾಸೇಜ್ ಮಾಡಬೇಕು. ನೈಟ್ರೈಟ್ ಕ್ಯೂರಿಂಗ್‌ನಲ್ಲಿ ಬಣ್ಣ ನಿಲ್ಲುವ ಬಗೆಯನ್ನು ವಿವರಿಸಿ, ಮಿತಿಗಳನ್ನು ಬರೆದು ಲೆಕ್ಕ ಮಾಡಿ.

ಉತ್ತರ:

ಕ್ಯೂರಿಂಗ್ ಅಂದರೆ ಉಪ್ಪು, ನೈಟ್ರೈಟ್ ಹಾಕಿ ಮಾಂಸವನ್ನು ಕೆಡದಂತೆ ಹದ ಮಾಡುವುದು. ಮಾಂಸ ಕೆಂಪಗಿರುವುದು ರಕ್ತದಿಂದ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಪ್ರಾಣಿಯನ್ನು ಕೊಯ್ದಾಗಲೇ ರಕ್ತದ ಬಹುಪಾಲು ಹರಿದುಹೋಗಿರುತ್ತದೆ, ಉಳಿಯುವ ಕೆಂಪು ಮುಖ್ಯವಾಗಿ ಸ್ನಾಯುವಿನೊಳಗಿನ ಮಯೋಗ್ಲೋಬಿನ್ ಅನ್ನುವ ಪ್ರೋಟೀನ್‌ದು. ಅದರ ನಡುವೆ ಒಂದು ಕಬ್ಬಿಣದ ಪರಮಾಣು ಇದೆ. ಬಣ್ಣದ ಆಟವೆಲ್ಲ ಆ ಕಬ್ಬಿಣಕ್ಕೆ ಏನು ಅಂಟಿಕೊಂಡಿದೆ ಅನ್ನುವುದರ ಮೇಲೆ. ಗಾಳಿ ತಾಗದ ಮಾಂಸ ನೇರಳೆಗೆಂಪು, ಆಮ್ಲಜನಕ ಅಂಟಿದರೆ ಹೊಳೆಯುವ ಕೆಂಪು, ಕಬ್ಬಿಣವೇ ಆಕ್ಸಿಡೀಕರಣ ಆದರೆ ಕಂದು. ಈ ಕಂದು ರೂಪವೇ ಮೆಟ್‌ಮಯೋಗ್ಲೋಬಿನ್.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಬರೆಯಲೇಬೇಕು: ಬಣ್ಣ ಕೊಡುವುದು ನೈಟ್ರೈಟ್ ಅಲ್ಲ, ಅದರಿಂದ ಹುಟ್ಟುವ ನೈಟ್ರಿಕ್ ಆಕ್ಸೈಡ್ (NO). ಸೋಡಿಯಂ ನೈಟ್ರೈಟ್ (NaNO₂) ಮಾಂಸದ ಹುಳಿಯಲ್ಲಿ ಸ್ವಲ್ಪ ಮಟ್ಟಿಗೆ ನೈಟ್ರಸ್ ಆಮ್ಲವಾಗುತ್ತದೆ, ಅದು ಒಡೆದು NO ಬರುತ್ತದೆ. ಆದ್ದರಿಂದಲೇ ನೈಟ್ರೈಟ್ ಬೆರೆಸಿದ ಕೂಡಲೇ ಮಾಂಸ ಗುಲಾಬಿ ಆಗುವುದಿಲ್ಲ, ಮೊದಲು ಮಂಕಾಗಿ ಕಂದಾಗುತ್ತದೆ, ಯಾಕೆಂದರೆ ನೈಟ್ರೈಟ್ ಮಯೋಗ್ಲೋಬಿನ್‌ನ ಕಬ್ಬಿಣವನ್ನು ಆಕ್ಸಿಡೀಕರಿಸುತ್ತದೆ. ಇದನ್ನು ನೋಡಿ ಗಾಬರಿಯಾಗಿ ಇನ್ನಷ್ಟು ನೈಟ್ರೈಟ್ ಹಾಕಬಾರದು. ಸ್ವಲ್ಪ ಹೊತ್ತಿಗೆ NO ಕಬ್ಬಿಣಕ್ಕೆ ಅಂಟಿ, ಕಬ್ಬಿಣವೂ ಮತ್ತೆ ಮೊದಲಿನ ರೂಪಕ್ಕೆ ಮರಳಿ, ಕೆಂಪಾದ ನೈಟ್ರೋಸಿಲ್‌ಮಯೋಗ್ಲೋಬಿನ್ ಆಗುತ್ತದೆ. ಬೇಯಿಸಿದಾಗ ಇದರ ಪ್ರೋಟೀನ್ ಭಾಗ ಗಡ್ಡೆಕಟ್ಟುತ್ತದೆ, ಆದರೆ ನೈಟ್ರೋಸಿಲ್ ಹೀಮೋಕ್ರೋಮ್ ಅನ್ನುವ ಗುಲಾಬಿ ಬಣ್ಣ ಉಳಿಯುತ್ತದೆ. ನೈಟ್ರೈಟ್ ಇಲ್ಲದ ಮಾಂಸ ಬೆಂದರೆ ಬೂದು-ಕಂದು. ಕ್ಯೂರ್ ಮಾಡಿದ ಮಾಂಸದ ಕೆಂಪಿಗೆ NO ಕಾರಣ ಅಂತ 1901ರಲ್ಲೇ ಹಾಲ್ಡೇನ್ ತೋರಿಸಿದ್ದರು.

ವಿಟಮಿನ್ ಸಿಯ ಲವಣವಾದ ಆಸ್ಕಾರ್ಬೇಟ್ ಅಥವಾ ಅದರ ಹತ್ತಿರದ ಬಂಧು ಎರಿಥಾರ್ಬೇಟ್ ಸೇರಿಸಿದರೆ ಈ ಕೆಲಸ ಬೇಗ ಆಗುತ್ತದೆ, ಬಣ್ಣವೂ ಸಮನಾಗಿ ಬರುತ್ತದೆ. ಬಣ್ಣ ಸಾಲದಿದ್ದರೆ ಕೈ ಹಾಕಬೇಕಾದದ್ದು ಇದಕ್ಕೆ, ನೈಟ್ರೈಟ್ ಡಬ್ಬಕ್ಕಲ್ಲ. ನೈಟ್ರೈಟ್ ಜಾಸ್ತಿಯಾದರೆ ಮಾಂಸ ಹಸಿರಾಗುವುದೂ ಉಂಟು, ಅದನ್ನು ನೈಟ್ರೈಟ್ ಬರ್ನ್ ಅನ್ನುತ್ತಾರೆ.

ಬಣ್ಣಕ್ಕೆ ಕಡಿಮೆ ನೈಟ್ರೈಟ್ ಸಾಕು. ಜಾಸ್ತಿ ಬೇಕಾಗುವುದು ಮಾರಕ ವಿಷ ಉಂಟುಮಾಡುವ ಕ್ಲಾಸ್ಟ್ರಿಡಿಯಂ ಬೊಟುಲಿನಂ ಬ್ಯಾಕ್ಟೀರಿಯಾವನ್ನು ತಡೆಯಲಿಕ್ಕೆ. ಕೊಬ್ಬು ಕಮಟಾಗುವುದನ್ನೂ ನೈಟ್ರೈಟ್ ತಡೆಯುತ್ತದೆ, ಕ್ಯೂರಿಂಗ್‌ನ ಆ ವಿಶಿಷ್ಟ ರುಚಿಯೂ ಇದರಿಂದಲೇ.

ಹಾಗಾದರೆ ಮಿತಿ ಯಾಕೆ? ಉಳಿದ ನೈಟ್ರೈಟ್ ಅಮೈನ್‌ಗಳ ಜೊತೆ ಸೇರಿ, ಮುಖ್ಯವಾಗಿ ಬೇಕನ್‌ನಂಥದ್ದನ್ನು ಜೋರು ಶಾಖದಲ್ಲಿ ಹುರಿದಾಗ, ನೈಟ್ರೋಸಮೈನ್ ಆಗುತ್ತದೆ. ಇವುಗಳಲ್ಲಿ ಹಲವು ಕ್ಯಾನ್ಸರ್ ತರುವಂಥವು. ಇನ್ನೊಂದು, ನೈಟ್ರೈಟ್ ನೇರವಾಗಿ ವಿಷ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾರದ ಹಾಗೆ ಮಾಡುತ್ತದೆ, ಮಕ್ಕಳಿಗೆ ಇನ್ನೂ ಅಪಾಯ.

ಮಿತಿ ಬರೆಯುವಾಗ ಎರಡು ಅಳತೆ ಬೆರೆಸಬಾರದು. ಹಾಕಿದ ಪ್ರಮಾಣ ಬೇರೆ, ತಯಾರಾದ ಸರಕಿನಲ್ಲಿ ಉಳಿದ ಪ್ರಮಾಣ ಬೇರೆ, ಯಾಕೆಂದರೆ ಹಾಕಿದ್ದರಲ್ಲಿ ಬಹಳಷ್ಟು ಪ್ರತಿಕ್ರಿಯೆಯಲ್ಲೇ ಖರ್ಚಾಗುತ್ತದೆ. ಅಮೆರಿಕದ ನಿಯಮ ಹಾಕುವ ಪ್ರಮಾಣದ್ದು: ಕೊಚ್ಚಿದ ಮಾಂಸಕ್ಕೆ 156 ಪಿಪಿಎಂ ಅಂದರೆ ಕಿಲೊಗೆ 156 ಮಿಲಿಗ್ರಾಂ, ಉಪ್ಪುನೀರು ಚುಚ್ಚಿದ ಅಥವಾ ಅದರಲ್ಲಿ ನೆನೆಸಿದ ಮಾಂಸಕ್ಕೆ 200, ಚುಚ್ಚಿದ ಬೇಕನ್‌ಗೆ 120, ಅದರ ಜೊತೆ 550 ಪಿಪಿಎಂ ಆಸ್ಕಾರ್ಬೇಟ್ ಅಥವಾ ಎರಿಥಾರ್ಬೇಟ್ ಕಡ್ಡಾಯ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ನೋಡುವುದು ಉಳಿಕೆಯನ್ನು: ಸಂಸ್ಕರಿಸಿದ ಮಾಂಸದಲ್ಲಿ ನೈಟ್ರೈಟ್ ಅಯಾನಾಗಿ ಕಿಲೊಗೆ 80 ಮಿಲಿಗ್ರಾಂ. ಸೋಡಿಯಂ ನೈಟ್ರೈಟ್‌ನ ಅಣುತೂಕ 69, ನೈಟ್ರೈಟ್ ಅಯಾನಿನದು 46, ಆದ್ದರಿಂದ ಸೋಡಿಯಂ ನೈಟ್ರೈಟ್ ಲೆಕ್ಕದಲ್ಲಿ ಅದು 80 × 69/46 = 120 ಮಿಲಿಗ್ರಾಂ. ನಮ್ಮಲ್ಲಿ ಘಟಕದವರು ಎಫ್‌ಎಸ್‌ಎಸ್‌ಎಐನ 2011ರ ನಿಯಮಾವಳಿಯ ಅನುಬಂಧ ಎ ತೆರೆದು, ತಮ್ಮ ಸರಕು ಯಾವ ವರ್ಗಕ್ಕೆ ಸೇರುತ್ತದೋ ಆ ಸಾಲನ್ನೇ ಪಾಲಿಸಬೇಕು.

ಈಗ 40 ಕಿಲೊ ಲೆಕ್ಕ, ಪಾಠದ ಮಾದರಿಯಾಗಿ 156 ಪಿಪಿಎಂ ಹಿಡಿದು:

40 × 156 = 6,240 ಮಿಲಿಗ್ರಾಂ, ಅಂದರೆ 6.24 ಗ್ರಾಂ ಸೋಡಿಯಂ ನೈಟ್ರೈಟ್.

ಇಷ್ಟು ಸಣ್ಣ ತೂಕವನ್ನು ಶುದ್ಧ ನೈಟ್ರೈಟ್ ಆಗಿ ತೂಗುವುದು ಅಪಾಯ. ಮಾಂಸದ ಅಂಗಡಿಯ ತಕ್ಕಡಿಯಲ್ಲಿ 5 ಗ್ರಾಂ ಆಚೀಚೆ ಆದರೂ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಅದಕ್ಕೆ 6.25 ಶೇಕಡಾ ನೈಟ್ರೈಟ್ ಇರುವ ಕ್ಯೂರಿಂಗ್ ಉಪ್ಪು ಬಳಸಬೇಕು: 6.24 ÷ 0.0625 = 99.8, ಅಂದರೆ ಸುಮಾರು 100 ಗ್ರಾಂ. ಸೋಡಿಯಂ ಆಸ್ಕಾರ್ಬೇಟ್ 500 ಪಿಪಿಎಂ ಹಿಡಿದರೆ 20 ಗ್ರಾಂ. ಎರಡನ್ನೂ ಒಂದೇ ಲೋಟದಲ್ಲಿ ಕಲಸಿಡಬಾರದು, ಮಾಂಸಕ್ಕೆ ಹೋಗುವ ಮೊದಲೇ ಪ್ರತಿಕ್ರಿಯೆ ಶುರುವಾಗಿ NO ಗಾಳಿಗೆ ಹೋಗುತ್ತದೆ. ಕ್ಯೂರಿಂಗ್ ಉಪ್ಪನ್ನು ಮೊದಲು ಹಾಕಿ ಚೆನ್ನಾಗಿ ಬೆರೆಸಿ, ಆಸ್ಕಾರ್ಬೇಟನ್ನು ಕೊನೆಗೆ ಹಾಕಬೇಕು.

ಇಂಥ ಕ್ಯೂರಿಂಗ್ ಉಪ್ಪಿಗೆ ಸಾಮಾನ್ಯವಾಗಿ ಗುಲಾಬಿ ಬಣ್ಣ ಹಾಕಿರುತ್ತಾರೆ, ಅಡುಗೆ ಉಪ್ಪು ಅಂತ ಯಾರೂ ತಪ್ಪಿ ತೆಗೆದುಕೊಳ್ಳಬಾರದು ಅಂತ. ಡಬ್ಬಕ್ಕೆ ಬೀಗ, ಹೆಸರಿನ ಚೀಟಿ, ತೂಗಿದ್ದಕ್ಕೆ ಸಹಿ ಬೇಕೇಬೇಕು. ಕತ್ತರಿಸಿದ ಸಾಸೇಜನ್ನು ಲೈಟಿನ ಕೆಳಗೆ ತೆರೆದಿಟ್ಟರೆ ಬೆಳಕು, ಆಮ್ಲಜನಕ ಸೇರಿ ಬಣ್ಣ ಬೂದಾಗುತ್ತದೆ, ಆದ್ದರಿಂದ ನಿರ್ವಾತ ಪ್ಯಾಕ್ ಮಾಡಿ ತಂಪಿನಲ್ಲಿಡಬೇಕು.